ನಾವೇ ಹಾಕಿದ ವಿಡಿಯೊ ನಮ್ಮ ಫೋನಿಗೆ ವಾಪಸ್: ಒಂದೇ ಹೆಸರಿನ ಮೂರು ‘ಡೌನ್‌ಲೋಡ್’

ಪವಾಯಿಯಿಂದ ಮಾತಾಡ್ತಾ ಇದೀನಿ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಓದ್ಕೊಂಡು ಪಕ್ಕದಲ್ಲಿ ಫೋನ್ ಇಟ್ಕೊಂಡು ಮಾಡ್ತೀವಿ ಅನ್ನೋರಿಗೆ ಎಂದಿನಂತೆ ಇಡೀ ಮಾತು ಇಲ್ಲಿ ಬರಹದಲ್ಲಿದೆ.

ಇವತ್ತಿನ ವಿಷಯ ಚಿಕ್ಕದು. ಯೂಟ್ಯೂಬ್‌ಗೆ ನಾವೇ ಅಪ್‌ಲೋಡ್ ಮಾಡಿದ ವಿಡಿಯೊ ಇದೆ, ಫೋನ್‌ನಲ್ಲಿದ್ದ ಮೂಲ ಪ್ರತಿ ಹೋಗಿದೆ. ಅದನ್ನು ಮತ್ತೆ ಫೋನಿಗೆ ತಂದುಕೊಳ್ಳೋದು ಹೇಗೆ? ಬೇರೆಯವರ ವಿಡಿಯೊ ವಿಷಯ ಅಲ್ಲ, ಸಿನಿಮಾ ಹಾಡಿನ ವಿಷಯವೂ ಅಲ್ಲ. ನಮ್ಮ ಅಕೌಂಟ್‌ನಿಂದ ನಾವು ಹಾಕಿದ್ದು ಮಾತ್ರ.

ಇದರಲ್ಲಿ ಏನಿದೆ, ಡೌನ್‌ಲೋಡ್ ಬಟನ್ ಒತ್ತಿದರೆ ಆಯ್ತಲ್ಲ ಅಂತೀರಿ. ಹೆಚ್ಚಿನವರು ಎಡವೋದು ಅಲ್ಲೇ. ಯೂಟ್ಯೂಬ್ ಜಗತ್ತಿನಲ್ಲಿ ‘ಡೌನ್‌ಲೋಡ್’ ಅನ್ನೋ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತೆ. ಒಂದರಲ್ಲಿ ಫೈಲ್ ಸಿಗೋದೇ ಇಲ್ಲ. ಇನ್ನೊಂದರಲ್ಲಿ ಚಿಕ್ಕದಾದ ಪ್ರತಿ ಸಿಗುತ್ತೆ. ಮೂರನೆಯದರಲ್ಲಿ, ನೀವು ಕೊಟ್ಟಿದ್ದು ಕೊಟ್ಟ ಹಾಗೇ ಸಿಗೋ ಅವಕಾಶ ಇದೆ. ಯಾವುದು ಯಾವುದು ಅಂತ ಗೊತ್ತಾದರೆ ಉಳಿದದ್ದು ಸುಲಭ.

ಒಂದು ನಿಜವಾದ ಕೇಸ್ ಇಟ್ಕೊಂಡು ನೋಡೋಣ

ನಮ್ಮ ಪಕ್ಕದ ಪಿಜಿಯಲ್ಲಿ ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ ಇದಾನೆ, ಐಟಿ ಕೆಲಸ. 2021ರಲ್ಲಿ ಊರಿಗೆ ಹೋದಾಗ ಅವನ ಅಜ್ಜಿ ಬೀಸುಕಲ್ಲಿನ ಪದ ಹಾಡಿದ್ದನ್ನು ಫೋನ್‌ನಲ್ಲಿ ಹಿಡಿದಿದ್ದ. ಹದಿನಾಲ್ಕು ನಿಮಿಷದ ವಿಡಿಯೊ. ಮನೆಯವರು ಮಾತ್ರ ನೋಡಲಿ ಅಂತ ಯೂಟ್ಯೂಬ್‌ನಲ್ಲಿ Private ಇಟ್ಟು ಹಾಕಿದ್ದ. ಆಮೇಲೆ ಕಾಂಜೂರ್‌ಮಾರ್ಗ್ ಸ್ಟೇಷನ್ನಿನ ಗದ್ದಲದಲ್ಲಿ ಫೋನ್ ಹೋಯ್ತು. ಅದಾಗಿ ಸ್ವಲ್ಪ ದಿನಕ್ಕೆ ಅಜ್ಜಿಯೂ ಹೋದ್ರು. ಅಂದ್ರೆ ಆ ಹದಿನಾಲ್ಕು ನಿಮಿಷ ಈಗ ಭೂಮಿ ಮೇಲೆ ಇರೋದು ಒಂದೇ ಕಡೆ.

ಅಜ್ಜಿಯ ವರ್ಷಾಂತಿಕಕ್ಕೆ ಊರಿಗೆ ಹೊರಟಿದ್ದ. ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಟಿವಿಗೆ ಹಾಕಿ ಎಲ್ಲರಿಗೂ ತೋರಿಸಬೇಕು ಅಂತ ಆಸೆ. ನನ್ನ ಹತ್ರ ಬಂದು, “ಅಣ್ಣಾ, ಡೌನ್‌ಲೋಡ್ ಮಾಡೀನಿ, ಆದ್ರ ಗ್ಯಾಲರಿಯಾಗ ಕಾಣವಲ್ದು” ಅಂದ. ಮೊದಲನೇ ತರಹದ ಡೌನ್‌ಲೋಡ್ ಅಂದ್ರೆ ಇದೇ.

ಮೊದಲನೆಯದು: ಆ್ಯಪ್ ಒಳಗಿನ ಬಟನ್

ಯೂಟ್ಯೂಬ್ ಆ್ಯಪ್‌ನಲ್ಲಿ ವಿಡಿಯೊ ಕೆಳಗೆ ಕಾಣೋ Download ಬಟನ್ ಇರೋದು ನೆಟ್ ಇಲ್ಲದಾಗ ಆ್ಯಪ್ ಒಳಗೇ ನೋಡಲಿ ಅಂತ. ಅದು ಫೋನ್‌ನಲ್ಲಿ ಜಾಗ ತಗೊಳ್ಳುತ್ತೆ ನಿಜ, ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ. ಗ್ಯಾಲರಿ ಅದನ್ನು ಓದೋಕಾಗಲ್ಲ, ವಾಟ್ಸಾಪ್‌ನಲ್ಲಿ ಕಳಿಸೋಕಾಗಲ್ಲ, ಪೆನ್‌ಡ್ರೈವ್‌ಗೆ ಹಾಕೋಕಾಗಲ್ಲ. ಆ್ಯಪ್ ತೆಗೆದರೆ ಅದೂ ಹೋಯ್ತು. ಸ್ವಲ್ಪ ಕಾಲಕ್ಕೊಮ್ಮೆ ಫೋನ್ ಇಂಟರ್ನೆಟ್‌ಗೆ ಸೇರದಿದ್ದರೆ ಪ್ಲೇ ಆಗೋದೂ ನಿಲ್ಲುತ್ತೆ.

ವಿಡಿಯೊ ನಿಮ್ಮದೇ ಆಗಿದ್ದರೂ ಆ್ಯಪ್ ಇಲ್ಲಿ ನಿಮ್ಮನ್ನು ಒಬ್ಬ ನೋಡುಗ ಅಂತ ಮಾತ್ರ ಲೆಕ್ಕ ಹಾಕುತ್ತೆ. ಮಾಲೀಕರ ಬಾಗಿಲು ಬೇರೆ ಇದೆ.

ಎರಡನೆಯದು: ಯೂಟ್ಯೂಬ್ ಸ್ಟುಡಿಯೊ

ಆ ಬಾಗಿಲಿನ ಹೆಸರು ಯೂಟ್ಯೂಬ್ ಸ್ಟುಡಿಯೊ. ಇಲ್ಲಿ ನಿಜವಾದ ಎಂಪಿ4 ಫೈಲ್ ಸಿಗುತ್ತೆ. ಒಂದೇ ತೊಡಕು ಏನಂದ್ರೆ, ಇದನ್ನು ಕಂಪ್ಯೂಟರ್‌ಗಾಗಿ ಮಾಡಿದ್ದಾರೆ. ಪ್ಲೇ ಸ್ಟೋರ್‌ನಿಂದ ಸ್ಟುಡಿಯೊ ಆ್ಯಪ್ ಹಾಕ್ಕೊಂಡು ಹುಡುಕಿ ಸುಸ್ತಾಗ್ಬೇಡಿ. ನಮಗೆ ಬೇಕಾದ ದಾರಿ ಇರೋದು ಬ್ರೌಸರ್‌ನಲ್ಲಿ ತೆರೆಯೋ ಸ್ಟುಡಿಯೊದಲ್ಲಿ.

ಹಾಗಾದ್ರೆ ಲ್ಯಾಪ್‌ಟಾಪ್‌ನಲ್ಲೇ ಮಾಡಿದ್ರಾಯ್ತು ಅಂದ್ರೆ, ನಮ್ಮಲ್ಲಿ ಬಹಳ ಜನರ ಹತ್ರ ಇರೋದು ಆಫೀಸ್ ಲ್ಯಾಪ್‌ಟಾಪ್. ಅದರಲ್ಲಿ ಸ್ವಂತ ಗೂಗಲ್ ಅಕೌಂಟ್‌ಗೆ ಲಾಗಿನ್ ಆಗೋ ಹಾಗಿರಲ್ಲ, ಯುಎಸ್‌ಬಿ ಪೋರ್ಟ್‌ಗೂ ಬೀಗ. ಆದ್ದರಿಂದ ಫೋನ್‌ನಿಂದಲೇ ಮಾಡೋ ದಾರಿ ಹೇಳ್ತೀನಿ. ಉಪಾಯ ಇಷ್ಟೇ: ನಾನು ಕಂಪ್ಯೂಟರ್ ಅಂತ ಬ್ರೌಸರ್ ಹತ್ರ ಹೇಳಿಸೋದು.

ಆ್ಯಂಡ್ರಾಯ್ಡ್ ಫೋನ್‌ನಲ್ಲಿ ಹೀಗೆ ಮಾಡಿ:

1. ಕ್ರೋಮ್ ತೆರೆದು ಒಂದು ಹೊಸ ಟ್ಯಾಬ್‌ನಲ್ಲಿ ಯಾವುದಾದರೂ ಪೇಜ್‌ಗೆ ಹೋಗಿ. ಮೇಲಿನ ಮೂರು ಚುಕ್ಕಿ ಒತ್ತಿ, Desktop site ಅನ್ನೋದಕ್ಕೆ ಟಿಕ್ ಹಾಕಿ. ವಿಳಾಸ ಟೈಪ್ ಮಾಡೋಕೆ ಮೊದಲೇ ಈ ಟಿಕ್ ಹಾಕ್ಕೊಂಡ್ರೆ ಕಿರಿಕಿರಿ ಕಡಿಮೆ.

2. ಈಗ ಮೇಲೆ ವಿಳಾಸದ ಜಾಗದಲ್ಲಿ ಇದನ್ನು ಟೈಪ್ ಮಾಡಿ:

```
studio.youtube.com
```

3. ವಿಡಿಯೊ ಹಾಕಿದ ಅದೇ ಗೂಗಲ್ ಅಕೌಂಟ್‌ನಿಂದ ಲಾಗಿನ್ ಆಗಿ. ಆ್ಯಪ್ ಹಾಕಿಕೊಳ್ಳಿ ಅಂತ ಕೇಳಿದರೆ, ಬ್ರೌಸರ್‌ನಲ್ಲೇ ಮುಂದುವರಿಯೋ ಆಯ್ಕೆ ಒತ್ತಿ. ತಾನಾಗಿಯೇ ಆ್ಯಪ್‌ಗೆ ಹಾರಿಬಿಟ್ಟರೆ, ಹಿಂದೆ ಬಂದು ಇನ್‌ಕಾಗ್ನಿಟೊ ಟ್ಯಾಬ್‌ನಲ್ಲಿ ಇದೇ ಹೆಜ್ಜೆಗಳನ್ನು ಮತ್ತೆ ಮಾಡಿ.

4. ಕಂಪ್ಯೂಟರ್ ಪರದೆ ಫೋನ್‌ನಲ್ಲಿ ಕಂಡ ಹಾಗೆ ಅಕ್ಷರ ಸಾಸಿವೆಯಷ್ಟು ಕಾಣುತ್ತೆ. ಫೋನ್ ಅಡ್ಡ ಹಿಡಿದು, ಎರಡು ಬೆರಳಲ್ಲಿ ದೊಡ್ಡದು ಮಾಡ್ಕೊಳ್ಳಿ. ಎಡಗಡೆ ಪಟ್ಟಿಯಲ್ಲಿ Content ಒತ್ತಿ. ನಿಮ್ಮ ಎಲ್ಲ ವಿಡಿಯೊ ಅಲ್ಲಿ ಸಾಲಾಗಿ ಬರುತ್ತೆ, Private ಇಟ್ಟಿದ್ದೂ ಸೇರಿ. ಶಾರ್ಟ್ಸ್ ಮತ್ತು ಲೈವ್ ಪಕ್ಕದ ಬೇರೆ ಟ್ಯಾಬ್‌ಗಳಲ್ಲಿ ಇರುತ್ತೆ.

5. ಕಂಪ್ಯೂಟರ್‌ನಲ್ಲಾದ್ರೆ ಮೌಸ್ ಇಟ್ಟಾಗ ವಿಡಿಯೊ ಪಕ್ಕ ಮೂರು ಚುಕ್ಕಿ ಏಳುತ್ತೆ. ಫೋನ್‌ನಲ್ಲಿ ಮೌಸ್ ಇಲ್ವಲ್ಲ, ಅದನ್ನು ಹುಡುಕಿ ಬೇಜಾರಾಗೋದು ಬೇಡ. ಸುಮ್ಮನೆ ವಿಡಿಯೊ ಶೀರ್ಷಿಕೆ ಮೇಲೆ ಒತ್ತಿ. ವಿವರದ ಪೇಜ್ ತೆರೆಯುತ್ತೆ. ಅಲ್ಲಿ ಬಲಗಡೆ ಮೇಲೆ Save ಬಟನ್ ಪಕ್ಕ ಮೂರು ಚುಕ್ಕಿ ಇರುತ್ತೆ. ಅದರೊಳಗೆ Download.

ಇಲ್ಲಿ ಒಂದು ಎಚ್ಚರಿಕೆ. ಅದೇ ಚಿಕ್ಕ ಪಟ್ಟಿಯಲ್ಲಿ ಡಿಲೀಟ್ ಕೂಡ ಇದೆ. ಸಾಸಿವೆ ಅಕ್ಷರದಲ್ಲಿ ಬೆರಳು ತಪ್ಪೋದು ಸುಲಭ. ಡಿಲೀಟ್ ಮಾಡೋ ಮುಂಚೆ ಅದು ಖಚಿತಪಡಿಸು ಅಂತ ಕೇಳುತ್ತೆ. ಆ ತರಹದ ಪ್ರಶ್ನೆ ಪರದೆ ಮೇಲೆ ಬಂದ್ರೆ, ನೀವು ಒತ್ತಿದ್ದು ಬೇರೆ ಅಂತ ಅರ್ಥ. ರದ್ದು ಮಾಡಿ ಹಿಂದೆ ಬನ್ನಿ.

ಐಫೋನ್‌ನಲ್ಲಾದ್ರೆ ಸಫಾರಿಯಲ್ಲಿ ಪೇಜ್ ಮೆನು ತೆರೆದು Request Desktop Website ಒತ್ತಿ, ಉಳಿದದ್ದು ಹೀಗೇ. ಫೈಲ್ ಮಾತ್ರ ನೇರ ಫೋಟೊಸ್‌ಗೆ ಹೋಗಲ್ಲ. Files ಆ್ಯಪ್‌ನ Downloads ಒಳಗೆ ಕೂತಿರುತ್ತೆ. ಅದನ್ನು ತೆರೆದು, ಶೇರ್ ಗುರುತು ಒತ್ತಿ Save Video ಕೊಟ್ಟರೆ ಫೋಟೊಸ್‌ಗೆ ಬರುತ್ತೆ. ಆ್ಯಂಡ್ರಾಯ್ಡ್‌ನಲ್ಲೂ ಅಷ್ಟೇ, ಕ್ಯಾಮೆರಾ ವಿಡಿಯೊಗಳ ನಡುವೆ ಹುಡುಕ್ಬೇಡಿ. ಗ್ಯಾಲರಿಯ ಆಲ್ಬಮ್‌ಗಳಲ್ಲಿ Download ಅನ್ನೋ ಫೋಲ್ಡರ್ ನೋಡಿ.

ಬಂತು, ಆದರೆ ಮಸುಕು

ನಮ್ಮ ಹುಡುಗ ಇದೇ ದಾರಿಯಲ್ಲಿ ಹತ್ತು ನಿಮಿಷದಲ್ಲಿ ಅಜ್ಜಿಯ ವಿಡಿಯೊ ಇಳಿಸಿಕೊಂಡ. ಫೈಲ್ ಸುಮಾರು 150 ಎಂಬಿ ಇತ್ತು. ಫೋನ್‌ನಲ್ಲಿ ಚೆನ್ನಾಗೇ ಕಂಡ್ತು. ಪಿಜಿಯ ದೊಡ್ಡ ಟಿವಿಗೆ ಹಾಕಿದಾಗ ಮಾತ್ರ, ಕಲ್ಲಿನ ಗೂಟ ಹಿಡಿದ ಅಜ್ಜಿಯ ಕೈ ಮಸುಕು ಮಸುಕು. “ಅಣ್ಣಾ, ನಾ ಹಾಕಿದ್ದು ಹಿಂಗಿದ್ದಿಲ್ಲ” ಅಂದ.

ಅವನು ಹೇಳಿದ್ದು ಸರಿ. ಸ್ಟುಡಿಯೊ ಕೊಡೋದು 720ಪಿ ಇಲ್ಲವೇ 360ಪಿ ಅಳತೆಯ ಪ್ರತಿ. ನೀವು 1080ಪಿ ಹಾಕಿರಿ, 4ಕೆ ಹಾಕಿರಿ, ಇಲ್ಲಿಂದ ಹೊರಬರೋದು ಅಷ್ಟೇ. ಹಳೇ ಫೋಟೊ ಸ್ಟುಡಿಯೊ ನೆನಪಿದ್ದರೆ ಇದು ಬೇಗ ಅರ್ಥವಾಗುತ್ತೆ: ಪ್ರಿಂಟ್ ಬೇರೆ, ನೆಗೆಟಿವ್ ಬೇರೆ. ಯೂಟ್ಯೂಬ್ ನಿಮ್ಮ ಫೈಲ್ ತಗೊಂಡು, ನಿಧಾನ ನೆಟ್ ಇರೋರಿಗೆ ಒಂದು, ಜೋರಾಗಿ ಇರೋರಿಗೆ ಒಂದು ಅಂತ ಬೇರೆ ಬೇರೆ ಅಳತೆಯ ಪ್ರತಿ ಮಾಡಿಡುತ್ತೆ. ಸ್ಟುಡಿಯೊದಲ್ಲಿ ಸಿಗೋದು ಅಂಥ ಒಂದು ಪ್ರಿಂಟ್.

ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿ ನೋಡಿ. ಫೋನ್ ಕ್ಯಾಮೆರಾದ 1080ಪಿ ವಿಡಿಯೊ ನಿಮಿಷಕ್ಕೆ ಹೆಚ್ಚುಕಡಿಮೆ 130 ಎಂಬಿ ತಿನ್ನುತ್ತೆ. ಹದಿನಾಲ್ಕು ನಿಮಿಷಕ್ಕೆ ಸುಮಾರು 1.8 ಜಿಬಿ. ಕೈಗೆ ಬಂದಿದ್ದು 150 ಎಂಬಿ, ಅಂದ್ರೆ ಹನ್ನೆರಡರಲ್ಲಿ ಒಂದು ಪಾಲು. ಊರಿಗೆ ವಾಟ್ಸಾಪ್‌ನಲ್ಲಿ ಕಳಿಸೋಕೆ ಇದು ಧಾರಾಳ. ಆದರೆ ಇರೋ ಒಂದೇ ನೆನಪನ್ನು ಮುಂದಿನ ಪೀಳಿಗೆಗೆ ಎತ್ತಿಡಬೇಕು ಅಂದ್ರೆ ನೆಗೆಟಿವ್ ಕೇಳ್ಬೇಕು.

ಮೂರನೆಯದು: ಗೂಗಲ್ ಟೇಕ್‌ಔಟ್

ನೆಗೆಟಿವ್ ಕೇಳೋ ಜಾಗದ ಹೆಸರು ಗೂಗಲ್ ಟೇಕ್‌ಔಟ್. ನಿಮ್ಮ ಅಕೌಂಟ್‌ನಲ್ಲಿ ಇರೋ ನಿಮ್ಮ ವಸ್ತುಗಳನ್ನು ಗಂಟು ಕಟ್ಟಿ ಕೊಡು ಅಂತ ಗೂಗಲ್‌ಗೆ ಅರ್ಜಿ ಹಾಕೋ ಪೇಜ್ ಇದು. ವಿಡಿಯೊ ವಿಷಯದಲ್ಲಿ ನೀವು ಅಪ್‌ಲೋಡ್ ಮಾಡಿದ ಮೂಲ ಫೈಲ್ ಬರುತ್ತೆ, ಅದಾಗದಿದ್ದರೆ ಎಂಪಿ4 ಆಗಿ ಬರುತ್ತೆ. ಇದಕ್ಕೆ ಕಂಪ್ಯೂಟರ್ ವೇಷ ಬೇಕಾಗಿಲ್ಲ, ಫೋನ್ ಬ್ರೌಸರ್‌ನಲ್ಲೇ ಆಗುತ್ತೆ.

```
takeout.google.com
```

ತೆರೆದ ಕೂಡಲೇ ಗೂಗಲ್‌ನ ಎಲ್ಲ ಸೇವೆಗಳಿಗೂ ಟಿಕ್ ಹಾಕಿರುತ್ತೆ. ಹಾಗೇ ಮುಂದೆ ಹೋದರೆ ಮೇಲ್, ಫೋಟೊ, ಡ್ರೈವ್ ಎಲ್ಲ ಸೇರಿ ನೂರಾರು ಜಿಬಿಯ ಗಂಟು ಆಗಬಹುದು. ಅದಕ್ಕೆ ಮೊದಲು Deselect all ಒತ್ತಿ. ಆಮೇಲೆ ಪಟ್ಟಿಯ ಕೊನೆ ತನಕ ಇಳಿದು YouTube and YouTube Music ಒಂದಕ್ಕೆ ಟಿಕ್ ಹಾಕಿ. ಅದರ ಕೆಳಗೆ All YouTube data included ಅಂತ ಒಂದು ಬಟನ್ ಇದೆ. ಅದನ್ನು ತೆರೆದು, ಅಲ್ಲೂ ಎಲ್ಲ ಟಿಕ್ ತೆಗೆದು, videos ಒಂದನ್ನೇ ಉಳಿಸಿ. ಇಲ್ಲದಿದ್ದರೆ ನೀವು ನೋಡಿದ, ಹುಡುಕಿದ, ಕಮೆಂಟ್ ಹಾಕಿದ ಚರಿತ್ರೆಯೆಲ್ಲ ಜೊತೆಗೆ ಬರುತ್ತೆ.

ಮುಂದಿನ ಹೆಜ್ಜೆಯಲ್ಲಿ ಮೂರು ವಿಷಯ ಕೇಳುತ್ತೆ. ಎಲ್ಲಿಗೆ ಕಳಿಸಲಿ ಅಂದ್ರೆ, ಲಿಂಕ್ ಇಮೇಲ್‌ಗೆ ಬರಲಿ ಅನ್ನಿ. ಡ್ರೈವ್‌ಗೆ ಹಾಕು ಅಂದ್ರೆ ಅಲ್ಲಿನ ಉಚಿತ 15 ಜಿಬಿ ಜಾಗದಲ್ಲೇ ಅದು ತುಂಬಿಕೊಳ್ಳುತ್ತೆ. ಎಷ್ಟು ಸಲ ಅಂದ್ರೆ ಒಂದು ಸಲ. ಫೈಲ್ ಹೇಗಿರಲಿ ಅಂದ್ರೆ .zip, ಅಳತೆ 2 ಜಿಬಿ. ಫೋನ್‌ನಲ್ಲಿ ಬಿಚ್ಚೋದಾದ್ರೆ 2 ಜಿಬಿಯೇ ಒಳ್ಳೇದು. ಅದಕ್ಕಿಂತ ದೊಡ್ಡ ಗಂಟನ್ನು ಕೆಲವು ಹಳೆ ಸಾಫ್ಟ್‌ವೇರ್‌ಗಳು ಬಿಚ್ಚೋದಿಲ್ಲ. ಕೊನೆಗೆ Create export ಒತ್ತಿ, ಫೋನ್ ಪಕ್ಕಕ್ಕಿಟ್ಟು ನಿಮ್ಮ ಕೆಲಸ ನೋಡ್ಕೊಳ್ಳಿ.

ಇದು ಕೂಡಲೇ ಆಗೋದಲ್ಲ. ಕೆಲವು ಗಂಟೆಯೂ ಆಗಬಹುದು, ದಿನಗಳೂ ಹಿಡಿಯಬಹುದು. ನಮ್ಮ ಹುಡುಗನಿಗೆ ರಾತ್ರಿ ಕೇಳಿದ್ದಕ್ಕೆ ಬೆಳಿಗ್ಗೆ ಮೇಲ್ ಬಂದಿತ್ತು. ಊರಿಗೆ ಹೊರಡೋ ಹಿಂದಿನ ರಾತ್ರಿ ಕೂತು ಮಾಡೋ ಕೆಲಸ ಇದಲ್ಲ. ಒಂದು ವಾರ ಮುಂಚೆ ಶುರು ಮಾಡಿ. ಹಾಗಂತ ಮೇಲ್ ಬಂದ ಮೇಲೆ ಮರೆತು ಕೂತ್ಕೊಳ್ಳೋ ಹಾಗೂ ಇಲ್ಲ. ಸುಮಾರು ಏಳು ದಿನಕ್ಕೆ ಆ ಲಿಂಕ್ ಸತ್ತು ಹೋಗುತ್ತೆ. ಸತ್ತರೆ ನಷ್ಟ ಏನಿಲ್ಲ, ಮತ್ತೆ ಅರ್ಜಿ ಹಾಕ್ಬೇಕು ಅಷ್ಟೇ.

ಇನ್ನೊಂದು ಮಿತಿ ಇದೆ. ಟೇಕ್‌ಔಟ್‌ನಲ್ಲಿ ಈ ಒಂದು ವಿಡಿಯೊ ಮಾತ್ರ ಕೊಡು ಅಂತ ಕೇಳೋಕಾಗಲ್ಲ. ಆ ಚಾನೆಲ್‌ನಲ್ಲಿ ನೀವು ಹಾಕಿದ ಅಷ್ಟೂ ಬರುತ್ತೆ. ನಮ್ಮ ಹುಡುಗ ಒಟ್ಟು ಐದು ವಿಡಿಯೊ ಹಾಕಿದ್ದ. ಎರಡು ಗಂಟಾಗಿ ಬಂತು, ಅಜ್ಜಿ ಇದ್ದದ್ದು ಒಂದರಲ್ಲಿ. ನಿಮ್ಮದು ನೂರು ವಿಡಿಯೊ ಇರೋ ಚಾನೆಲ್ ಆಗಿದ್ದರೆ ಇದನ್ನು ಫೋನ್‌ನಲ್ಲಿ ಮಾಡೋಕೆ ಹೋಗ್ಬೇಡಿ, ಸ್ವಂತ ಕಂಪ್ಯೂಟರ್ ಇರೋ ಗೆಳೆಯರ ಮನೆಗೆ ಹೋಗಿ.

ಗಂಟು ಬಿಚ್ಚೋದು

ಇಲ್ಲಿ ಜನ ಸಿಕ್ಕಿಬೀಳೋದು ಎರಡು ಕಡೆ. ಮೊದಲನೆಯದು ಡೇಟಾ. ದಿನಕ್ಕೆ ಒಂದೂವರೆ, ಎರಡು ಜಿಬಿಯ ಪ್ಯಾಕ್‌ನಲ್ಲಿ ಒಂದು ಗಂಟು ಇಳಿಸೋಕೆ ಹೋದರೆ ನಡುವೆಯೇ ವೇಗ ಬಿದ್ದು ನಿಂತುಬಿಡುತ್ತೆ. ವೈಫೈ ಬಳಸಿ. ಒಂದೇ ಗಂಟನ್ನು ಇಷ್ಟೇ ಸಲ ಇಳಿಸಬಹುದು ಅಂತ ಟೇಕ್‌ಔಟ್ ಮಿತಿ ಇಟ್ಟಿದೆ. ಆದ್ದರಿಂದ ಅರ್ಧಕ್ಕೆ ಬಿಟ್ಟು ಮತ್ತೆ ಮತ್ತೆ ಶುರು ಮಾಡೋದು ಒಳ್ಳೇದಲ್ಲ.

ಎರಡನೆಯದು ಜಾಗ. ಗಂಟು 2 ಜಿಬಿ ಅಂದ್ರೆ ಬಿಚ್ಚಿದ ವಿಡಿಯೊ ಇನ್ನೂ ಸುಮಾರು 2 ಜಿಬಿ. ಬಿಚ್ಚೋ ಹೊತ್ತಿಗೆ ಎರಡೂ ಒಟ್ಟಿಗೆ ಫೋನ್‌ನಲ್ಲಿ ಇರುತ್ತೆ. ಅಂದ್ರೆ ನಾಲ್ಕು ಜಿಬಿ ಖಾಲಿ ಇರ್ಬೇಕು. ಇದನ್ನು ನೋಡ್ಕೊಳ್ಳದೆ ಹೋದ್ರೆ ಅರ್ಧದಲ್ಲಿ ತಪ್ಪು ಸಂದೇಶ ಬಂದು, ಫೈಲೇ ಕೆಟ್ಟಿದೆ ಅಂತ ಅನ್ಸುತ್ತೆ. ಕೆಟ್ಟಿರಲ್ಲ, ಜಾಗ ಸಾಲದೆ ಹೋಗಿರುತ್ತೆ.

ಆ್ಯಂಡ್ರಾಯ್ಡ್‌ನಲ್ಲಿ Files by Google ಆ್ಯಪ್ ತೆರೆದು, Downloads ಒಳಗಿನ ಜಿಪ್ ಒತ್ತಿ, Extract ಕೊಡಿ. ಐಫೋನ್‌ನಲ್ಲಿ Files ಆ್ಯಪ್‌ನಲ್ಲಿ ಜಿಪ್ ಮೇಲೆ ಒಂದು ಸಲ ಒತ್ತಿದರೆ ಸಾಕು. ಫೋಲ್ಡರ್ ಒಳಗೆ ಫೋಲ್ಡರ್ ಇರುತ್ತೆ, videos ಅನ್ನೋದು ಸಿಗೋ ತನಕ ಒಳಗೆ ಹೋಗ್ತಾ ಇರಿ.

ಡೌನ್‌ಲೋಡ್ ಆಗ್ತಾ ಇಲ್ಲ ಅಂದ್ರೆ

ಸ್ಟುಡಿಯೊದಲ್ಲಿ Download ಕಾಣದೇ ಇದ್ದರೆ ಅಥವಾ ಕೆಲಸ ಮಾಡದೇ ಇದ್ದರೆ, ಮೊದಲು ನೋಡ್ಬೇಕಾದದ್ದು ಮೇಲಿನ ಪ್ರೊಫೈಲ್ ಚಿತ್ರ. ಫೋನ್‌ನಲ್ಲಿ ಎರಡು ಮೂರು ಜಿಮೇಲ್ ಇದ್ದಾಗ ಬೇರೆ ಅಕೌಂಟ್‌ನಲ್ಲಿ ಕೂತು ಹುಡುಕ್ತಾ ಇರ್ತೀವಿ. ಹೊಸ ಫೋನ್ ಆದ್ರೆ ಲಾಗಿನ್ ಆಗೋಕೆ ಹಳೇ ನಂಬರ್‌ಗೆ ಕೋಡ್ ಬರುತ್ತೆ. ಫೋನ್ ಕಳೆದವರು ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತಗೊಂಡ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ.

ಅಕೌಂಟ್ ಸರಿ ಇದ್ದರೆ ಕಾರಣ ವಿಡಿಯೊದಲ್ಲೇ ಇರಬಹುದು. ಕಾಪಿರೈಟ್ ಅಥವಾ ನಿಯಮ ಉಲ್ಲಂಘನೆಯ ಸ್ಟ್ರೈಕ್ ಬಿದ್ದ ವಿಡಿಯೊ, ತೆಗೆದುಹಾಕಿದ ವಿಡಿಯೊ, ಯೂಟ್ಯೂಬ್‌ನವರು ಮೊದಲೇ ಒಪ್ಪಿಗೆ ಕೊಟ್ಟ ಹಾಡಿನ ಟ್ರ್ಯಾಕ್ ಸೇರಿಸಿ ಹಾಕಿದ ವಿಡಿಯೊ, ಇವು ಸ್ಟುಡಿಯೊದಿಂದ ಇಳಿಯೋದಿಲ್ಲ. ಒಂದೇ ವಿಡಿಯೊವನ್ನು ಒಂದು ದಿನದಲ್ಲಿ ಐದು ಸಲ ಇಳಿಸಿದ್ದರೂ ನಿಲ್ಲುತ್ತೆ. ಅದು ಮಾತ್ರ ನಾಳೆ ತಾನಾಗಿ ಸರಿ ಹೋಗುತ್ತೆ.

ಇಂಥ ಹೊತ್ತಲ್ಲಿ ‘ಲಿಂಕ್ ಹಾಕಿ, ಡೌನ್‌ಲೋಡ್ ಮಾಡಿ’ ಅನ್ನೋ ವೆಬ್‌ಸೈಟ್‌ಗಳು ಕಣ್ಣಿಗೆ ಬೀಳುತ್ತೆ. ಅಲ್ಲಿಗೆ ಹೋಗ್ಬೇಡಿ. ಅಜ್ಜಿಯ ವಿಡಿಯೊ Private. ಹೊರಗಿನ ಸೈಟ್‌ಗೆ ಅದು ಕಾಣೋದೇ ಇಲ್ಲ, ನಿಮ್ಮ ಪಾಸ್‌ವರ್ಡ್ ಕೊಟ್ಟ ಹೊರತು. ಕೊಡಿ ಅಂತ ಯಾರಾದರೂ ಕೇಳಿದರೆ ಅವರಿಗೆ ಬೇಕಾಗಿರೋದು ವಿಡಿಯೊ ಅಲ್ಲ, ನಿಮ್ಮ ಅಕೌಂಟ್. ಸೈಟ್‌ಗೆ ಸಿಗಲಿ ಅಂತ ವಿಡಿಯೊವನ್ನು Public ಮಾಡೋದಂತೂ ಬೇಡವೇ ಬೇಡ.

ಕೈಗೆ ಬಂದಿದ್ದು ನಿಜವಾ ಅಂತ ನೋಡೋದು

ಇದಕ್ಕೊಂದು ಸರಳ ಪರೀಕ್ಷೆ ಇದೆ. ಫೋನ್‌ನ ಏರೋಪ್ಲೇನ್ ಮೋಡ್ ಹಾಕಿ. ಈಗ ಯೂಟ್ಯೂಬ್ ಮುಟ್ಟದೆ ಗ್ಯಾಲರಿಯಿಂದ ವಿಡಿಯೊ ಪ್ಲೇ ಮಾಡಿ. ಆಯ್ತು ಅಂದ್ರೆ ಫೈಲ್ ನಿಮ್ಮದು. ಆಮೇಲೆ ಎಳೆದು ಕೊನೆಯ ಒಂದು ನಿಮಿಷ ನೋಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್ ಶುರುವಿನಲ್ಲಿ ಚೆನ್ನಾಗೇ ಓಡುತ್ತೆ, ಕೊನೆಯಲ್ಲಿ ಬಣ್ಣ ಬಯಲಾಗುತ್ತೆ. ಯೂಟ್ಯೂಬ್‌ನಲ್ಲಿ 14 ನಿಮಿಷ ಇದ್ದದ್ದು ಇಲ್ಲೂ 14 ನಿಮಿಷ ಇರ್ಬೇಕು. ಕೊನೆಗೆ ಫೈಲ್ ವಿವರದಲ್ಲಿ 1080 ಅನ್ನೋ ಅಂಕಿ ಇದೆಯಾ, 720 ಇದೆಯಾ ನೋಡಿ. ನೆಗೆಟಿವ್ ಬಂದಿದೆಯೋ ಪ್ರಿಂಟ್ ಬಂದಿದೆಯೋ ಅಲ್ಲಿ ಗೊತ್ತಾಗುತ್ತೆ.

ಊರಿನವರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಮತ್ತೆ ಹಿಂಡಿ ಚಿಕ್ಕದು ಮಾಡುತ್ತೆ. Document ಅಂತ ಆರಿಸಿ ಕಳಿಸಿ, 2 ಜಿಬಿ ತನಕ ಇದ್ದ ಹಾಗೇ ಹೋಗುತ್ತೆ. ನಮ್ಮ ಹುಡುಗ ರಾಣೆಬೆನ್ನೂರಿನ ತಂಗಿಗೆ ಹಾಗೇ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ. ಯೂಟ್ಯೂಬ್‌ನಲ್ಲಿ ಇರೋದನ್ನು ಅಳಿಸಲಿಲ್ಲ. ಫೋನಿಗೆ ಬಂತು ಅಂತ ಅಲ್ಲಿಂದ ತೆಗೆಯೋ ಅವಸರ ನೀವೂ ಮಾಡ್ಬೇಡಿ.

ಅದು ಅಲ್ಲೇ ಇರುತ್ತಲ್ಲ, ಬೇಕಾದಾಗ ಇಳಿಸ್ಕೊಂಡ್ರಾಯ್ತು ಅಂತ ಅನ್ಕೊಳ್ಳೋರಿಗೆ ಒಂದೇ ಒಂದು ನೆನಪು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಒಂದು. ತಾವೇ ಹಾಡಿ, ಕುಣಿದು, ಹಾಕಿದ್ದ ವಿಡಿಯೊಗಳನ್ನು ಫೋನ್‌ನಲ್ಲಿ ಇಟ್ಕೊಂಡಿರದ ಜನರಿಗೆ ಆಮೇಲೆ ಆ್ಯಪ್ ತೆರೆದರೆ ಅವು ಕಾಣಲೇ ಇಲ್ಲ. ವಿಡಿಯೊ ಅವರದ್ದೇ ಇತ್ತು, ಬಾಗಿಲು ಅವರದ್ದಾಗಿರಲಿಲ್ಲ.

ಹಾಗಾಗಿ ಈ ಶನಿವಾರ ಸ್ಟುಡಿಯೊ ತೆರೆದು Content ಪಟ್ಟಿ ಒಮ್ಮೆ ನೋಡಿ. ಬೇರೆಲ್ಲೂ ಪ್ರತಿ ಇಲ್ಲದ ವಿಡಿಯೊ ಯಾವುದು ಅಂತ ಗುರುತು ಮಾಡಿ, ರಾತ್ರಿ ಟೇಕ್‌ಔಟ್‌ಗೆ ಅರ್ಜಿ ಹಾಕಿ ಮಲಗಿ. ಎಲ್ಲಾದರೂ ಸಿಕ್ಕಿಕೊಂಡರೆ ಯಾವ ಹೆಜ್ಜೆಯಲ್ಲಿ, ಪರದೆ ಮೇಲೆ ಏನು ಬಂತು ಅಂತ ಬರೆದು ತಿಳಿಸಿ, ಮುಂದಿನ ಮಾತಿನಲ್ಲಿ ಅದನ್ನೇ ಎತ್ಕೊಳ್ಳೋಣ.